ಅಕ್ಕಿ ಒಯ್ಯದ ಮನೆಗೆ ಹಸಿವಿಲ್ಲ ಅಂದುಕೊಳ್ಳಬೇಡಿ: ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಉತ್ತರ ಕನ್ನಡ ಜಿಲ್ಲೆ, ಕಾರವಾರ.

ವಿಷಯ: ಮಳೆಗಾಲದಲ್ಲಿ ಪಡಿತರ ಒಯ್ಯದ ಕಾರ್ಡುಗಳ ಬಗ್ಗೆ.

ಮಾನ್ಯರೇ,

ನಾನು ಶಿರಸಿ ತಾಲ್ಲೂಕಿನ ಘಟ್ಟದಂಚಿನ ಊರಿನವನು. ಪ್ರಾಥಮಿಕ ಶಾಲೆಯ ಮಾಸ್ತರನಾಗಿ ನಿವೃತ್ತನಾದೆ. ಸುತ್ತಲಿನ ಮಜರೆಗಳ ಜನ ಅರ್ಜಿ ಬರೆಸಲು, ಮೊಬೈಲಿಗೆ ಬಂದ ಮೆಸೇಜು ಓದಿಸಲು ನಮ್ಮ ಮನೆಗೆ ಬರುತ್ತಾರೆ. ಹೀಗೆ ಬಂದವರ ರೇಷನ್ ಕಾರ್ಡು ನೋಡಿ ನೋಡಿ ನನಗೆ ಒಂದು ವಿಷಯ ಗೊತ್ತಾಗಿದೆ. ಮಳೆಗಾಲ ಶುರುವಾಗುವ ಮೊದಲೇ ಅದನ್ನು ತಮ್ಮ ಗಮನಕ್ಕೆ ತರಬೇಕೆಂದು ಈ ಪತ್ರ.

ನಮ್ಮ ಜಿಲ್ಲೆಯಲ್ಲಿ ಅಕ್ಕಿಗೆ ಬರ ಇಲ್ಲ. ಗೋದಾಮಿಗೆ ಲಾರಿ ಬರುತ್ತದೆ, ಗೋದಾಮಿನಿಂದ ಸೊಸೈಟಿಗೆ ಹೋಗುತ್ತದೆ. ಅಂಗಡಿಗಳಲ್ಲಿ ಚೀಲ ಪೇರಿಸಿಟ್ಟಿರುವುದನ್ನು ನಾನೇ ನೋಡಿದ್ದೇನೆ. ಆದರೂ ಅದೇ ತಿಂಗಳಲ್ಲಿ, ಅದೇ ಅಂಗಡಿಗೆ ಸೇರಿದ ಕೆಲವು ಮನೆಗಳಲ್ಲಿ ಒಂದೇ ಹೊತ್ತು ಒಲೆ ಉರಿಯುತ್ತದೆ. ಇದು ಹೇಗೆ ಅಂತ ಕೇಳಿದರೆ ಅಂಗಡಿಯಲ್ಲಿ ಸಿಗುವ ಉತ್ತರ ಒಂದೇ: "ಅವರು ಒಯ್ಯಲಿಲ್ಲ ಮಾಸ್ತರ್ರೇ, ನಾವೇನು ಮಾಡೋದು?" ಕಂಪ್ಯೂಟರಿನಲ್ಲೂ ಅಷ್ಟೇ ದಾಖಲಾಗುತ್ತದೆ. ಒಯ್ಯದ ಮನೆಗೆ ಅಕ್ಕಿ ಬೇಡವಾಗಿತ್ತು ಎಂದು ಆಮೇಲೆ ನೋಡುವವರು ತಿಳಿಯುತ್ತಾರೆ. ನನ್ನ ದೂರು ಇರುವುದು ಈ ತಿಳಿವಳಿಕೆಯ ಮೇಲೆ.

ಕಳೆದ ಮಳೆಗಾಲದಲ್ಲಿ ಕಂಡ ಒಂದು ಮನೆಯ ಲೆಕ್ಕ ಹೇಳುತ್ತೇನೆ. ಹೆಸರು ಬೇಡ. ಕಾರ್ಡಿನಲ್ಲಿ ಮೂವರು: ಅಜ್ಜಿ, ಮಗಳು, ಮಗಳ ಮಗ. ಮಗಳು ಸುಗ್ಗಿಯಲ್ಲಿ ಅಡಿಕೆ ಸುಲಿಯುತ್ತಾಳೆ, ಉಳಿದ ದಿನ ತೋಟದ ಕೂಲಿ. ಆಗ ತಲೆಗೆ 10 ಕಿಲೋ ಅಕ್ಕಿ ಇತ್ತು, ಅಂದರೆ ಮನೆಗೆ 30 ಕಿಲೋ, ಪುಕ್ಕಟೆ. ಮನೆಗೂ ಸೊಸೈಟಿಗೂ ನಡುವೆ ಒಂದು ಹಳ್ಳ. ಕಾಲುಸಂಕ ದಾಟಿ, ಗುಡ್ಡ ಹತ್ತಿ, ಡಾಂಬರು ರಸ್ತೆಗೆ ಬಂದು ಬಸ್ ಹಿಡಿಯಬೇಕು. ಬಸ್ಸು ಹೆಂಗಸರಿಗೆ ಉಚಿತ, ನಿಜ. ಆದರೆ ಬೆಳಿಗ್ಗೆ ಒಂದು, ಸಂಜೆ ಒಂದು.

ಮಗಳು ಮೊದಲ ಸಲ ಹೋದ ದಿನ ಸರ್ವರ್ ಇರಲಿಲ್ಲ. ಮಳೆ ಬಂದರೆ ನಮ್ಮ ಕಡೆ ಕರೆಂಟು ಹೋಗುತ್ತದೆ, ಕರೆಂಟಿನ ಹಿಂದೆ ಟವರೂ ಹೋಗುತ್ತದೆ. ಸಂಜೆಯವರೆಗೆ ಕೂತು ಬರಿಗೈಲಿ ಬಂದಳು. ಒಂದು ದಿನದ ಕೂಲಿ 400 ರೂಪಾಯಿ ಹೋಯಿತು. ಎರಡನೇ ಸಲ ಸರ್ವರ್ ಇತ್ತು, ಆದರೆ ಬೆರಳು ತಗೊಳ್ಳಲಿಲ್ಲ. ಮೆಟ್ಟುಗತ್ತಿಯ ಮುಂದೆ ಕೂತು ವರ್ಷಾನುಗಟ್ಟಲೆ ಹಸಿ ಅಡಿಕೆ ಸುಲಿದ ಕೈ ಅದು. ತೊಗರು ಹಿಡಿದು ಬೆರಳ ತುದಿ ಕಪ್ಪಾಗಿ, ಸಿಪ್ಪೆ ಎದ್ದು, ಗೆರೆಯೇ ಕಾಣುವುದಿಲ್ಲ. ಮೇಲಿಂದ ಮಳೆಯಲ್ಲಿ ನೆನೆದು ಚರ್ಮ ಸುಕ್ಕುಗಟ್ಟಿರುತ್ತದೆ. ಒಂದೊಂದೇ ಬೆರಳು ಒರೆಸಿ ಒರೆಸಿ ಇಟ್ಟಳು. ಮಷಿನ್ ಒಪ್ಪಲಿಲ್ಲ. "ನಾಳೆ ಅಜ್ಜಿಯನ್ನು ಕರಕೊಂಡು ಬಾ" ಎಂದರು. ಇನ್ನೊಂದು 400 ಹೋಯಿತು. ಮೂರನೇ ಸಲ ಅಜ್ಜಿಯನ್ನು ಕೈಹಿಡಿದು ಸಂಕ ದಾಟಿಸಿ ಕರೆದುಕೊಂಡು ಹೋದಳು. ಅಜ್ಜಿಯ ಬೆರಳು ಬಂತು. ಅಜ್ಜಿ ಮತ್ತು ಚೀಲ ಎರಡೂ ಇದ್ದುದರಿಂದ ಬರುವಾಗ ಟೆಂಪೋಗೆ 150 ಕೊಟ್ಟಳು.

ಕೂಡಿಸಿ ನೋಡಿ. ಮೂರು ದಿನದ ಕೂಲಿ 1,200, ಟೆಂಪೋಗೆ 150, ಒಟ್ಟು 1,350 ರೂಪಾಯಿ. 30 ಕಿಲೋಗೆ ಹಂಚಿದರೆ ಕಿಲೋಗೆ 45 ರೂಪಾಯಿ. ನಮ್ಮೂರ ಕಿರಾಣಿ ಅಂಗಡಿಯಲ್ಲಿ ಸಾದಾ ಅಕ್ಕಿ ಹೆಚ್ಚುಕಮ್ಮಿ ಇದೇ ರೇಟಿಗೆ ಸಿಗುತ್ತದೆ, ಅದೂ ಸಾಲಕ್ಕೆ. ಮುಂದಿನ ತಿಂಗಳು ಆಕೆ ಸೊಸೈಟಿಗೆ ಹೋಗಲೇ ಇಲ್ಲ. ಸಂಕ ಕೊಚ್ಚಿಹೋಗಿತ್ತು, ಸುತ್ತು ಹಾಕಿ ಹೋಗಬೇಕಿತ್ತು. "ಹೋದರೆ ಸಿಗುತ್ತದೆ ಅಂತ ಗ್ಯಾರಂಟಿ ಇದ್ದರೆ ಹೋಗಬಹುದಿತ್ತು" ಎಂದಳು. ಆಕೆಯ ಲೆಕ್ಕದಲ್ಲಿ ನನಗೆ ತಪ್ಪು ಕಾಣಲಿಲ್ಲ. ಕಿರಾಣಿ ಅಂಗಡಿಯಿಂದ ಎರಡು ಮೂರು ಕಿಲೋ ತಂದು ಗಂಜಿಗೆ ನೀರು ಜಾಸ್ತಿ ಮಾಡಿ ತಿಂಗಳು ನೂಕಿದರು. ಕಂಪ್ಯೂಟರಿನಲ್ಲಿ ಮಾತ್ರ ಆ ಕಾರ್ಡಿನ ಮುಂದೆ ಆ ತಿಂಗಳು ಸೊನ್ನೆ.

ಊರಿಗೆಲ್ಲ ಸಾಕಾಗುವಷ್ಟು ಧಾನ್ಯ ಇದ್ದೂ ಜನ ಉಪವಾಸ ಬೀಳುವುದು ಹೊಸ ಸಂಗತಿಯಲ್ಲ. 1943ರ ಬಂಗಾಳದ ಕ್ಷಾಮದ ಲೆಕ್ಕ ತೆಗೆದು ಅಮರ್ತ್ಯ ಸೇನ್ ಇದನ್ನೇ ತೋರಿಸಿದರು. ಆ ವರ್ಷ ಅಲ್ಲಿದ್ದ ಧಾನ್ಯ, ಕ್ಷಾಮವಿಲ್ಲದ 1941ಕ್ಕಿಂತ ಕಡಿಮೆ ಇರಲಿಲ್ಲ. ಕೂಲಿಯವರು, ಮೀನುಗಾರರು, ಕೈಕಸುಬಿನವರು ಅದನ್ನು ಕೊಳ್ಳುವ ಶಕ್ತಿ ಕಳೆದುಕೊಂಡಿದ್ದರು. ತೀರಾ ಇತ್ತೀಚೆಗೆ 2023ರ ಜೂನ್‌ನಲ್ಲಿ ಭಾರತೀಯ ಆಹಾರ ನಿಗಮ ರಾಜ್ಯ ಸರ್ಕಾರಗಳಿಗೆ ಮುಕ್ತ ಮಾರುಕಟ್ಟೆ ಯೋಜನೆಯಲ್ಲಿ ಅಕ್ಕಿ ಮಾರುವುದನ್ನು ನಿಲ್ಲಿಸಿತು. ನಿಗಮದ ಗೋದಾಮುಗಳಲ್ಲಿ ಇಡಲೇಬೇಕಾದ ದಾಸ್ತಾನಿಗಿಂತ ಜಾಸ್ತಿ ಅಕ್ಕಿ ಇತ್ತು. ಕರ್ನಾಟಕ ಕಿಲೋಗೆ 34 ರೂಪಾಯಿ ಕೊಡಲು ತಯಾರಿತ್ತು. ಅಕ್ಕಿ ಸಿಗದೆ ಕೊನೆಗೆ ತಲೆಗೆ 170 ರೂಪಾಯಿಯಂತೆ ದುಡ್ಡನ್ನೇ ಖಾತೆಗೆ ಹಾಕಿತು. ದೆಹಲಿ ಮತ್ತು ಬೆಂಗಳೂರಿನ ನಡುವೆ ಆದದ್ದು ಎಲ್ಲರಿಗೂ ಕಂಡಿತು, ಪೇಪರಿನಲ್ಲಿ ಬಂತು. ಸೊಸೈಟಿಗೂ ಹಳ್ಳದಾಚೆಯ ಮನೆಗೂ ನಡುವೆ ಆಗುವುದು ಯಾವ ಪೇಪರಿನಲ್ಲೂ ಬರುವುದಿಲ್ಲ.

ಅಧಿಕಾರಿಗಳ ಮೀಟಿಂಗಿನಲ್ಲಿ ಶೇಕಡಾವಾರು ವಿತರಣೆ ನೋಡುತ್ತೀರಿ. ನೂರಕ್ಕೆ 95 ಕಾರ್ಡು ಒಯ್ದಿದ್ದರೆ ಅದು ಒಳ್ಳೆಯ ತಿಂಗಳು. ಉಳಿದ ಐದು ಎಲ್ಲಿವೆ ಅಂತ ಯಾರಾದರೂ ಕೇಳಿದ್ದಾರೋ? ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳೋಣ. ಒಂದು ಅಂಗಡಿಗೆ 600 ಕಾರ್ಡು, ಅದರಲ್ಲಿ 30 ಒಯ್ದಿಲ್ಲ. ಆ 30 ಊರ ತುಂಬ ಚೆದುರಿದ್ದರೆ ಒಂದು ಮಾತು. ಅದರಲ್ಲಿ 20 ಒಂದೇ ಮಜರೆಯವಾದರೆ, ಆ ಮಜರೆಯಲ್ಲಿ ಇರುವುದೇ 25 ಮನೆಯಾದರೆ, ಆ ಅಂಗಡಿಯ 95 ಎಂಬ ಅಂಕಿಯ ಒಳಗೆ ಒಂದು ಇಡೀ ಕೇರಿ ಹಸಿದು ಕೂತಿದೆ ಎಂದರ್ಥ. ತಾಲ್ಲೂಕಿನ ಸರಾಸರಿಯಲ್ಲಿ ಅದು ಕಾಣುವುದಿಲ್ಲ, ಜಿಲ್ಲೆಯ ಸರಾಸರಿಯಲ್ಲಂತೂ ಇಲ್ಲವೇ ಇಲ್ಲ.

ತಿಂಗಳೂ ಅಷ್ಟೇ ಮುಖ್ಯ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಬೋಟಿನ ಮೇಲೆ ದುಡಿಯುವವರಿಗೂ, ಬಂದರಿನಲ್ಲಿ ಬುಟ್ಟಿ ಹೊತ್ತು ಮಾರುವ ಹೆಂಗಸರಿಗೂ 61 ದಿನ ಆದಾಯವಿಲ್ಲ. ಅಘನಾಶಿನಿಯ ಹಿನ್ನೀರಿನಲ್ಲಿ ಬಳಚು ತೆಗೆಯುವವರಿಗೂ ನೆರೆ ನೀರು ಬಂದ ಮೇಲೆ ಕೆಲಸವಿಲ್ಲ. ಘಟ್ಟದ ಮೇಲೆ ಅಡಿಕೆ ಕೊಯ್ಲು ಇನ್ನೂ ದೂರ. ನೆಟ್ಟಿ ಕೆಲಸ ಕೆಲವು ದಿನಕ್ಕೆ ಮುಗಿಯುತ್ತದೆ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯಲು ಮರ ಹತ್ತಬಲ್ಲ ಗಂಡಸರಷ್ಟೇ ಬೇಕು. ಕೈಯಲ್ಲಿ ದುಡ್ಡಿಲ್ಲದ ಇದೇ ತಿಂಗಳಲ್ಲಿ ಮೀನಿನ ರೇಟು ಏರುತ್ತದೆ, ತರಕಾರಿ ಏರುತ್ತದೆ, ಸಂಕ ಕೊಚ್ಚಿಹೋಗುತ್ತದೆ, ಸರ್ವರ್ ಬೀಳುತ್ತದೆ. ಎಲ್ಲವೂ ಒಂದೇ ಮನೆಯ ಮೇಲೆ ಬಂದು ಬೀಳುತ್ತವೆ. ವರ್ಷದ ಒಟ್ಟು ಲೆಕ್ಕದಲ್ಲಿ ಆ ಮನೆಗೆ ಹತ್ತು ತಿಂಗಳ ರೇಷನ್ ಸಿಕ್ಕಿರಬಹುದು. ಸಿಗದ ಎರಡು ತಿಂಗಳೇ ಜುಲೈ, ಆಗಸ್ಟ್.

2017ರ ಜುಲೈನಲ್ಲಿ ಗೋಕರ್ಣದಲ್ಲಿ ಒಂದೇ ದಲಿತ ಮನೆಯ ಮೂವರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ತೀರಿಹೋದರು. ಆಧಾರ್ ಜೋಡಣೆ ಆಗಿಲ್ಲವೆಂದು ಆ ಮನೆಗೆ ತಿಂಗಳುಗಟ್ಟಲೆ ಪಡಿತರ ಸಿಕ್ಕಿರಲಿಲ್ಲ ಎಂದು ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನ ಸತ್ಯಶೋಧನಾ ತಂಡ ಹೇಳಿತು. ಹಸಿವಿನಿಂದ ಸತ್ತಿದ್ದಲ್ಲ ಎಂದು ಸರ್ಕಾರ ಹೇಳಿತು. ಸಾವಿನ ಕಾರಣದ ಆ ವಾದವನ್ನು ನಾನು ಇಲ್ಲಿ ಮತ್ತೆ ಎಬ್ಬಿಸುವುದಿಲ್ಲ. ನನಗೆ ತೋಚುವುದು ಬೇರೆ. ವಾದವೆಲ್ಲ ನಡೆದದ್ದು ಜೀವ ಹೋದ ಮೇಲೆ. ಒಂದು ಮನೆಗೆ ಅಕ್ಕಿ ಹೋಗುತ್ತಿಲ್ಲ ಎಂಬ ಸುದ್ದಿ ಪ್ರತಿ ತಿಂಗಳೂ ದಾಖಲೆಯಲ್ಲೇ ಇರುತ್ತದೆ. ಅದನ್ನು ಓದಿ ಆ ಮನೆಗೆ ಹೋಗಿ ಕೇಳಬೇಕಾದ್ದು ಯಾರ ಕೆಲಸ ಎಂದು ಇಂದಿಗೂ ಗೊತ್ತಾಗಿಲ್ಲ.

ಈಗ ಆ ಸುದ್ದಿಯನ್ನು ಉಲ್ಟಾ ಓದಲಾಗುತ್ತಿದೆ. 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಪಡಿತರ ನಿಯಂತ್ರಣ ಆದೇಶಕ್ಕೆ ತಿದ್ದುಪಡಿ ತಂದಿದೆ. ಆರು ತಿಂಗಳು ಧಾನ್ಯ ಒಯ್ಯದ ಕಾರ್ಡನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕು, ಆಮೇಲೆ ಮೂರು ತಿಂಗಳೊಳಗೆ ಸ್ಥಳಕ್ಕೆ ಹೋಗಿ ಪರಿಶೀಲಿಸಿ, ಇ-ಕೆವೈಸಿ ಮಾಡಿಸಿ, ಅರ್ಹರೋ ಅಲ್ಲವೋ ತೀರ್ಮಾನಿಸಬೇಕು. ಅಂದರೆ ಮೊದಲು ನಿಲ್ಲಿಸುವುದು, ಆಮೇಲೆ ಮನೆಗೆ ಹೋಗುವುದು. ಆರು ತಿಂಗಳು ಉಪವಾಸ ಇದ್ದವರಿಗೆ ಇನ್ನೂ ಮೂರು ತಿಂಗಳು ಕಾಯಿರಿ ಎಂದಂತೆ ಆಗಲಿಲ್ಲವೇ?

ಅಕ್ಕಿ ಒಯ್ಯದ ಎಲ್ಲ ಕಾರ್ಡೂ ಹಸಿದವರದ್ದು ಎಂದು ನಾನು ಹೇಳುವುದಿಲ್ಲ. ಊರು ಬಿಟ್ಟವರಿದ್ದಾರೆ, ತೀರಿಕೊಂಡವರಿದ್ದಾರೆ. ಆಸ್ಪತ್ರೆ ಖರ್ಚಿಗೆ, ಮಕ್ಕಳ ಸ್ಕಾಲರ್‌ಶಿಪ್ಪಿಗೆ ಇರಲಿ ಅಂತ ಬಿಪಿಎಲ್ ಕಾರ್ಡು ಇಟ್ಟುಕೊಂಡು ಅಕ್ಕಿಯ ಕಡೆ ತಲೆ ಹಾಕದ ಅನುಕೂಲಸ್ಥರೂ ನಮ್ಮೂರಲ್ಲೇ ಇದ್ದಾರೆ. ಅವರನ್ನು ತೆಗೆಯಿರಿ, ಬೇಡ ಅನ್ನುವವರಿಲ್ಲ. ಆದರೆ ಈ ಇಬ್ಬರನ್ನು ಬೇರೆ ಮಾಡಲು ದಾರಿ ಇದೆ, ಅದೂ ತಮ್ಮ ಇಲಾಖೆಯ ಕಂಪ್ಯೂಟರಿನಲ್ಲೇ ಇದೆ. ಅನುಕೂಲಸ್ಥರ ಕಾರ್ಡು ವರ್ಷಪೂರ್ತಿ ಒಂದೇ ತರ ಖಾಲಿ. ಬಡವರ ಕಾರ್ಡು ಚಳಿಗಾಲ, ಬೇಸಿಗೆಯಲ್ಲಿ ತಪ್ಪದೆ ಒಯ್ದು ಮಳೆಗಾಲದಲ್ಲಿ ಮಾತ್ರ ಕೈಕೊಡುತ್ತದೆ. ಗುಳೆ ಹೋದವರು ಬೇರೆ ಊರಿನ ಅಂಗಡಿಯಲ್ಲಿ ಒಯ್ದಿದ್ದರೆ ಅದೂ ಅಲ್ಲೇ ಕಾಣುತ್ತದೆ. ಇನ್ನೊಂದು ಗುರುತು ಬೆರಳಿನದ್ದು. ಬೆರಳು ಹೊಂದದಿದ್ದರೆ ಆಧಾರ್ ಸರ್ವರ್ 300 ಎಂಬ ಎರರ್ ಕೋಡ್ ಕಳಿಸುತ್ತದೆ. ಒಂದು ಕಾರ್ಡಿನ ಮೇಲೆ ಆ ತಿಂಗಳು ನಾಲ್ಕೈದು ಸಲ 300 ಬಂದು, ಅಕ್ಕಿ ಮಾತ್ರ ಹೋಗಿಲ್ಲ ಎಂದರೆ, ಆ ಮನೆಯವರು ಬಂದಿದ್ದರು, ಕೇಳಿದ್ದರು, ಸಿಗಲಿಲ್ಲ ಎಂದೇ ಅರ್ಥ.

ಇದಕ್ಕೂ ಒಂದು ಮಿತಿ ಇದೆ. ನೆಟ್‌ವರ್ಕೇ ಇಲ್ಲದ ದಿನ ಬಂದವರ ಗುರುತು ಎಲ್ಲೂ ಉಳಿಯುವುದಿಲ್ಲ, ಏಕೆಂದರೆ ಸರ್ವರಿಗೆ ಸುದ್ದಿಯೇ ಹೋಗಿರುವುದಿಲ್ಲ. ಆ ದಿನ ಕಾದು ಕೂತವರ ಹೆಸರು ಬರೆದಿಡಲು ಅಂಗಡಿಯಲ್ಲಿ ಒಂದು ಪುಸ್ತಕ ಬೇಕು. ದೊಡ್ಡ ಸಾಫ್ಟ್‌ವೇರ್ ಏನೂ ಬೇಡ, ಸುಮ್ನೆ ಒಂದು ಗೆರೆ ಹಾಕಿದ ನೋಟ್‌ಬುಕ್ ಸಾಕು.

"ಅವರು ರೇಷನ್ ಅಕ್ಕಿ ಮಾರಿಕೊಳ್ಳುತ್ತಾರೆ, ಅವರಿಗೆಂಥ ಹಸಿವು" ಎಂಬ ಮಾತು ತಮ್ಮ ಕಿವಿಗೂ ಬಿದ್ದಿರಬಹುದು. ಮಾರುವವರಿದ್ದಾರೆ. ಏಕೆ ಮಾರುತ್ತಾರೆ ಎಂದು ಕೇಳಿ ನೋಡಿ. ಕರಾವಳಿಯ ಗಂಜಿ ಕುಚಲಕ್ಕಿಯದು. ಸೊಸೈಟಿಯಲ್ಲಿ ಬರುವುದು ಬೆಳ್ತಿಗೆ. ಅದರ ಗಂಜಿ ಬೇಗ ಅಂಟಾಗುತ್ತದೆ, ಬೆಳಿಗ್ಗೆ ಉಂಡರೆ ಮಧ್ಯಾಹ್ನದವರೆಗೆ ಹೊಟ್ಟೆ ತಡೆಯುವುದಿಲ್ಲ ಎನ್ನುತ್ತಾರೆ ಕೆಲಸಕ್ಕೆ ಹೋಗುವವರು. ಸ್ವಲ್ಪ ಅಕ್ಕಿ ಕಡಿಮೆ ಬೆಲೆಗೆ ಕೊಟ್ಟು ಕುಚಲಕ್ಕಿ ತರುತ್ತಾರೆ, ಇಲ್ಲವೇ ಎಣ್ಣೆ, ಬೇಳೆ, ಒಣಮೀನು ತರುತ್ತಾರೆ. ಬರೀ ಅನ್ನ ಉಂಡು ಯಾರೂ ದುಡಿಯಲಾರರು. ಅನ್ನದ ಜೊತೆಗೆ ಬೇಕಾದ್ದಕ್ಕೆ ಅವರ ಹತ್ತಿರ ಇರುವ ದುಡ್ಡೆಂದರೆ ಆ ಅಕ್ಕಿಯೇ. ದಂಧೆಗಾಗಿ ಚೀಲಗಟ್ಟಲೆ ಸಾಗಿಸುವವರ ಕಥೆ ಬೇರೆ, ಅದಕ್ಕೆ ಪೊಲೀಸರಿದ್ದಾರೆ.

ಕಾನೂನಿನಲ್ಲಿ ಕೊರತೆ ಇಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ, ಹಕ್ಕಿನ ಧಾನ್ಯ ಸಿಗದಿದ್ದರೆ ಆಹಾರ ಭದ್ರತಾ ಭತ್ಯೆ ಕೊಡಬೇಕು. ನಮ್ಮ ಕಡೆ ಈ ಭತ್ಯೆ ಪಡೆದ ಒಬ್ಬರನ್ನೂ ನಾನು ಕಂಡಿಲ್ಲ. ಕೇಳಲು ಹೋದರೆ, ಬಂದಿದ್ದೆ ಎನ್ನುವುದಕ್ಕೆ ಚೀಟಿ ಎಲ್ಲಿ ಎನ್ನುತ್ತಾರೆ. ಬರಿಗೈಲಿ ವಾಪಸ್ ಕಳಿಸಿದ್ದಕ್ಕೆ ಯಾರು ಚೀಟಿ ಕೊಡುತ್ತಾರೆ? ಹಾಗೆಯೇ, ಆಧಾರ್ ಇಲ್ಲವೆಂದು ಅಥವಾ ಬೆರಳು ಹೊಂದಲಿಲ್ಲವೆಂದು ಯಾರಿಗೂ ಧಾನ್ಯ ನಿರಾಕರಿಸಬಾರದು, ರಿಜಿಸ್ಟರಿನಲ್ಲಿ ಬರೆದುಕೊಂಡು ಕೊಡಬೇಕು ಎಂದು ಕೇಂದ್ರ ಆಹಾರ ಇಲಾಖೆ 2017ರ ಅಕ್ಟೋಬರ್ 24ರಂದೇ ರಾಜ್ಯಗಳಿಗೆ ಬರೆದಿದೆ. ಅಂಗಡಿಯವರನ್ನು ಕೇಳಿದರೆ, "ಬರೆದು ಕೊಟ್ಟರೆ ಆಮೇಲೆ ಸ್ಟಾಕ್ ಹೊಂದುವುದಿಲ್ಲ, ನನ್ನ ತಲೆಗೆ ಬರುತ್ತದೆ" ಎನ್ನುತ್ತಾರೆ. ಅವರ ಭಯವೂ ಸುಳ್ಳಲ್ಲ. ಆ ಭಯ ಹೋಗಬೇಕಾದರೆ ತಮ್ಮ ಸಹಿಯ ಒಂದು ಆದೇಶ ಅಂಗಡಿಯ ಗೋಡೆಯ ಮೇಲೆ ಇರಬೇಕು.

ಆದ್ದರಿಂದ ನನ್ನ ವಿನಂತಿಗಳು ಇಷ್ಟು. ಎರಡು ತಿಂಗಳು ಸತತವಾಗಿ ಒಯ್ಯದ ಕಾರ್ಡುಗಳ ಪಟ್ಟಿಯನ್ನು ಅಂಗಡಿವಾರು ಅಲ್ಲ, ಮಜರೆವಾರು ತೆಗೆಸಿ. ಅಂತ್ಯೋದಯ ಕಾರ್ಡಾದರೆ ಒಂದೇ ತಿಂಗಳಿಗೆ ತೆಗೆಸಿ. ಅದನ್ನು ಗ್ರಾಮ ಆಡಳಿತಾಧಿಕಾರಿಗೋ ಆಶಾ ಕಾರ್ಯಕರ್ತೆಗೋ ಕೊಟ್ಟು ಮನೆಗೆ ಕಳಿಸಿ, ಏಕೆ ಒಯ್ಯಲಿಲ್ಲ ಎಂದು ಅವರ ಬಾಯಿಂದಲೇ ಬರೆಸಿಕೊಳ್ಳಿ. ಹಾಗೆ ಮನೆಗೆ ಹೋಗಿ ಬರುವವರೆಗೆ ಯಾವ ಕಾರ್ಡನ್ನೂ ನಿಲ್ಲಿಸದಿರುವಂತೆ ಸರ್ಕಾರಕ್ಕೆ ಬರೆಯಿರಿ. ಆಶಾ ಕಾರ್ಯಕರ್ತೆಯರಿಗೆ ಇರುವ ಕೆಲಸವೇ ಜಾಸ್ತಿ ಎಂದು ಗೊತ್ತು, ಈ ಭೇಟಿಗೆ ಅವರಿಗೆ ಬೇರೆ ಭತ್ಯೆ ಕೊಡಿ.

ಬರಿಗೈಲಿ ಹೋಗುವ ಪ್ರತಿಯೊಬ್ಬರಿಗೂ ದಿನಾಂಕ ಮತ್ತು ಕಾರಣ ಬರೆದ ಚೀಟಿ ಕೊಡಬೇಕೆಂದು ಆದೇಶಿಸಿ.

ಹಳ್ಳದಾಚೆಯ ಮಜರೆಗಳಿಗೆ ತಿಂಗಳಿಗೆ ಒಂದು ನಿಗದಿತ ದಿನ ಅಕ್ಕಿಯೇ ಹೋಗಲಿ. ಶಾಲೆಯ ಜಗಲಿಯಲ್ಲೋ ಅಂಗನವಾಡಿಯಲ್ಲೋ ಹಂಚಬಹುದು. ಅಂಗಡಿಯವರಿಗೆ ಸಿಗುವುದು ಕ್ವಿಂಟಲ್ ಲೆಕ್ಕದ ಕಮಿಷನ್, ಇದಕ್ಕೆ ಗಾಡಿ ಬಾಡಿಗೆ ಕೈಯಿಂದ ಹಾಕಿ ಎಂದರೆ ಯಾರೂ ಬರುವುದಿಲ್ಲ. ಬಾಡಿಗೆ ಸರ್ಕಾರದ್ದೇ ಆಗಬೇಕು. ತುಂಬ ವಯಸ್ಸಾದವರಷ್ಟೇ ಇರುವ ಮನೆಗಳಿಗೆ ಬಾಗಿಲಿಗೇ ಧಾನ್ಯ ಮುಟ್ಟಿಸುವ ಅನ್ನ ಸುವಿಧಾ ಯೋಜನೆ ಒಳ್ಳೆಯದೇ. ಆದರೆ ಅಜ್ಜಿಯ ಜೊತೆ ಮೊಮ್ಮಗು ಇದ್ದ ಕೂಡಲೇ ಆ ಮನೆ ಲೆಕ್ಕದಿಂದ ಹೊರಗೆ ಹೋಗಬಾರದು.

ಮಳೆಗೆ ಮುಂಚೆಯೇ ಧಾನ್ಯ ಕೊಡುವ ವಿಚಾರವನ್ನೂ ನೋಡಿ. 2025ರಲ್ಲಿ ಜೂನ್‌ನಿಂದ ಆಗಸ್ಟ್‌ವರೆಗಿನ ಪಡಿತರವನ್ನು ಮೊದಲೇ ಎತ್ತಿ ಹಂಚಿ ಎಂದು ಕೇಂದ್ರವೇ ರಾಜ್ಯಗಳಿಗೆ ಹೇಳಿತ್ತು. ಸಂಪರ್ಕ ಕಡಿದುಹೋಗುವ ಮಜರೆಗಳಿಗೆ ಇದನ್ನು ಪ್ರತಿ ವರ್ಷದ ಪದ್ಧತಿ ಮಾಡಬಹುದು. ಆದರೆ ಸೋರುವ ಮನೆಯಲ್ಲಿ ಮೂರು ತಿಂಗಳ ಅಕ್ಕಿ ಇಟ್ಟರೆ ಮುಗ್ಗಲು ಹಿಡಿಯುತ್ತದೆ, ನುಸಿ ಬೀಳುತ್ತದೆ. ಮುಚ್ಚಳ ಇರುವ ಒಂದು ಡ್ರಮ್ ಜೊತೆಗೆ ಕೊಟ್ಟರೆ ಮಾತ್ರ ಇದು ಕೆಲಸಕ್ಕೆ ಬರುತ್ತದೆ.

ಮೇಲೆ ಹೇಳಿದ ಮನೆಯವರ ಕಾರ್ಡಿನ ನಂಬರನ್ನು, ಅವರ ಒಪ್ಪಿಗೆ ಪಡೆದು, ತಮ್ಮ ಕಚೇರಿಗೆ ಮುಚ್ಚಿದ ಲಕೋಟೆಯಲ್ಲಿ ಬೇರೆ ಕಳಿಸುತ್ತಿದ್ದೇನೆ. ಆ ಕಾರ್ಡಿನ ಒಂದು ವರ್ಷದ ದಾಖಲೆಯನ್ನು ತಾವೇ ತೆಗೆಸಿ ನೋಡಬೇಕು, ಮತ್ತು ಮಜರೆವಾರು ಪಟ್ಟಿ ತೆಗೆಸಲು ಆಗುತ್ತದೋ ಇಲ್ಲವೋ ಎಂಬುದನ್ನು ಜೂನ್ ತಿಂಗಳ ಹಂಚಿಕೆ ಶುರುವಾಗುವ ಮೊದಲು ತಿಳಿಸಬೇಕು ಎಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕ,
ಶಿರಸಿ ತಾಲ್ಲೂಕು